ವರದಿಯಲ್ಲಿದ್ದ ಆ ಒಂದು ಸಾಲು: ಸ್ಟೀರಾಯ್ಡ್ ಬರೆಯುವವರಿಗೂ ಜಿಲ್ಲಾ ಆರೋಗ್ಯಾಧಿಕಾರಿಗಳಿಗೂ ಒಂದು ಬಹಿರಂಗ ಪತ್ರ

ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳ ಆರೋಗ್ಯಾಧಿಕಾರಿಗಳಿಗೆ ಮತ್ತು ಈ ಭಾಗದ ನನ್ನ ವೈದ್ಯ ಮಿತ್ರರಿಗೆ,

ನಮಸ್ಕಾರ. ನಾನು ರಾಯಚೂರು ಜಿಲ್ಲೆಯಲ್ಲಿ ಸಣ್ಣದೊಂದು ಲ್ಯಾಬ್ ನಡೆಸುವ ಮೈಕ್ರೋಬಯಾಲಜಿ ವೈದ್ಯ. ರೋಗಿಗಳ ಮುಖ ನೋಡುವುದು ಕಡಿಮೆ, ಅವರ ರಕ್ತ, ಕಫ, ಮಲ ನೋಡುವುದೇ ಜಾಸ್ತಿ. ಈ ಪತ್ರ ಬರೆಯಲು ಕಾರಣ ನಮ್ಮ ಲ್ಯಾಬಿನಿಂದಲೇ ಹೊರಟ ಒಂದು ರಕ್ತದ ವರದಿ. ಅದರಲ್ಲಿ ಒಂದು ಸಾಲು ಕೂಗಿ ಹೇಳುತ್ತಿತ್ತು. ಬರೆದುಕೊಟ್ಟ ವೈದ್ಯರು ಕೇಳಿಸಿಕೊಳ್ಳಲಿಲ್ಲ. ಕೆಳಗೆ ಸಹಿ ಮಾಡಿದ ನಾನೂ ಕೇಳಿಸಿಕೊಳ್ಳಲಿಲ್ಲ. ಹಾಗಾಗಿ ಇದನ್ನು ಯಾರ ಮೇಲಿನ ದೂರೆಂದೂ ಓದಬೇಡಿ.

ಆಕೆಗೆ ಐವತ್ತೆರಡು ವರ್ಷ. ಸಿಂಧನೂರು ಕಡೆಯ ಒಂದು ಕ್ಯಾಂಪಿನ ಹತ್ತಿರದ ಊರು. ಬಾಯೊಳಗೆ, ಬೆನ್ನ ಮೇಲೆ, ತೊಡೆಯ ಮೇಲೆ ನೀರುಗುಳ್ಳೆ ಎದ್ದು, ಒಡೆದು, ಹಸಿ ಗಾಯವಾಗಿ ಉಣ್ಣಲಿಕ್ಕೂ ಆಗದ ಸ್ಥಿತಿಯಲ್ಲಿ ನಗರದ ಒಂದು ಆಸ್ಪತ್ರೆಗೆ ಬಂದಿದ್ದರು. ಪೆಂಫಿಗಸ್ ಎಂಬ ಚರ್ಮರೋಗ. ದೇಹದ ರೋಗನಿರೋಧಕ ಶಕ್ತಿ ತನ್ನದೇ ಚರ್ಮದ ಮೇಲೆ ತಿರುಗಿಬೀಳುವ ಕಾಯಿಲೆ ಅದು. ಸ್ಟೀರಾಯ್ಡ್ ಕೊಡದಿದ್ದರೆ ಜೀವಕ್ಕೇ ಅಪಾಯ. ಚರ್ಮದ ವೈದ್ಯರು ಪ್ರೆಡ್ನಿಸೋಲೋನ್ ಬರೆದದ್ದು ಸರಿಯೇ. ಆಕೆಯ ತೂಕ 50 ಕೆಜಿ, ದಿನಕ್ಕೆ 50 ಮಿಲಿಗ್ರಾಂ. ಪ್ರಮಾಣದಲ್ಲೂ ತಪ್ಪಿರಲಿಲ್ಲ.

ಶುರು ಮಾಡುವ ಮುನ್ನ ಪದ್ಧತಿಯಂತೆ ಪರೀಕ್ಷೆಗಳಾದವು. ಸಕ್ಕರೆ, ಬಿಪಿ, ಎದೆಯ ಎಕ್ಸ್‌ರೇ, ಹೆಪಟೈಟಿಸ್ ಬಿ, ಎಚ್‌ಐವಿ. ಕಫದಲ್ಲಿ ಕ್ಷಯವಿಲ್ಲ. ರಕ್ತದ ಎಣಿಕೆ ನಮ್ಮಲ್ಲಿಗೆ ಬಂತು. ಬಿಳಿ ರಕ್ತಕಣ 9,400. ಅದರಲ್ಲಿ ಇಯೊಸಿನೊಫಿಲ್ ಶೇಕಡಾ 16. ಲೆಕ್ಕ ಹಾಕಿದರೆ ಒಂದು ಮೈಕ್ರೋಲೀಟರ್ ರಕ್ತದಲ್ಲಿ 1,504 ಇಯೊಸಿನೊಫಿಲ್. ಇರಬೇಕಾದದ್ದು ಹೆಚ್ಚೆಂದರೆ 500. ಯಂತ್ರ ಆ ಅಂಕಿಯ ಪಕ್ಕದಲ್ಲಿ ಮೇಲ್ಮುಖ ಬಾಣದ ಗುರುತನ್ನೂ ಹಾಕಿತ್ತು. ನಮ್ಮ ಕಡೆ ಇಂಥ ಬಾಣ ದಿನಕ್ಕೆ ಹತ್ತಾರು ಬರುತ್ತವೆ. ಅಲರ್ಜಿ, ದಮ್ಮು, ಜಂತು ಎಂದು ಎಲ್ಲರೂ ದಾಟಿಬಿಡುತ್ತೇವೆ. ವಾರ್ಡಿನಲ್ಲೂ ಜಂತು ಎಂದೇ ತಿಳಿದು ಒಂದು ಅಲ್ಬೆಂಡಜೋಲ್ ಗುಳಿಗೆ ನುಂಗಿಸಿ, ಮಲ ಒಮ್ಮೆ ಪರೀಕ್ಷೆಗೆ ಕಳಿಸಿದರು. ನಾವು ನೋಡಿ "ತತ್ತಿ, ಸಿಸ್ಟ್ ಕಂಡುಬಂದಿಲ್ಲ" ಎಂದು ಬರೆದು ಕಳಿಸಿದೆವು. ಬರೆದದ್ದು ಸುಳ್ಳಲ್ಲ. ನಾವು ನೋಡಬೇಕಿದ್ದ ಹುಳುವಿನ ತತ್ತಿ ಮಲದಲ್ಲಿ ಕಾಣುವುದೇ ಇಲ್ಲ ಎಂಬುದು ಬೇರೆ ಮಾತು.

ಆ ಹುಳುವಿನ ಹೆಸರು ಸ್ಟ್ರಾಂಜಿಲಾಯ್ಡಿಸ್ ಸ್ಟೆರ್ಕೊರಾಲಿಸ್. 1876ರಲ್ಲಿ, ಈಗಿನ ವಿಯೆಟ್ನಾಮಿನ ಕಡೆಯಿಂದ ಭೇದಿ ಹತ್ತಿ ಮರಳಿದ ಫ್ರೆಂಚ್ ಸೈನಿಕರ ಮಲದಲ್ಲಿ ಇದನ್ನು ಮೊದಲು ಕಂಡರು. ಕಣ್ಣಿಗೆ ಕಾಣುವ ಜಂತುಹುಳುವಿಗೂ ಇದಕ್ಕೂ ಹೋಲಿಕೆಯಿಲ್ಲ. ಹೆಣ್ಣುಹುಳು ಎರಡು, ಎರಡೂವರೆ ಮಿಲಿಮೀಟರ್ ಉದ್ದ, ನೂಲಿನ ಎಳೆಗಿಂತ ತೆಳು. ಸಣ್ಣಕರುಳಿನ ಒಳಪದರದಲ್ಲಿ ಹುದುಗಿ ಕೂತು, ಗಂಡಿನ ಹಂಗಿಲ್ಲದೆ ತತ್ತಿ ಇಡುತ್ತದೆ. ತತ್ತಿ ಅಲ್ಲೇ ಒಡೆದು ಮರಿಯಾಗುತ್ತದೆ, ಮಲದಲ್ಲಿ ಹೊರಬರುವುದು ಮರಿ. ಅದು ಹಸಿ ಮಣ್ಣಿನಲ್ಲಿ ಬಲಿತು, ಬರಿಗಾಲಿನ ಚರ್ಮ ಕೊರೆದು ಒಳಹೊಕ್ಕು, ರಕ್ತದ ಮೂಲಕ ಶ್ವಾಸಕೋಶಕ್ಕೆ ಹೋಗಿ, ಗಂಟಲಿಗೆ ಹತ್ತಿ ಬಂದು, ನುಂಗಿದ ಉಗುಳಿನ ಜೊತೆ ಕರುಳಿಗಿಳಿಯುತ್ತದೆ. ಇಷ್ಟು ಕಥೆ ಕೊಕ್ಕೆಹುಳುವಿನದೂ ಹೌದು.

ಬೇರೆಯಾಗುವುದು ಮುಂದೆ. ಕೊಕ್ಕೆಹುಳುವಿಗೆ ಆಯುಸ್ಸು ಮುಗಿದರೆ ಮುಗಿಯಿತು, ಹೊಸದು ಮಣ್ಣಿನಿಂದಲೇ ಬರಬೇಕು. ಸ್ಟ್ರಾಂಜಿಲಾಯ್ಡಿಸ್‌ನ ಕೆಲವು ಮರಿಗಳು ಹೊರಗೆ ಹೋಗುವವರೆಗೆ ಕಾಯುವುದಿಲ್ಲ. ಕರುಳಿನೊಳಗೇ ಬಲಿತು, ಕರುಳಿನ ಗೋಡೆಯನ್ನೋ ಗುದದ ಸುತ್ತಲಿನ ಚರ್ಮವನ್ನೋ ಕೊರೆದು ಮತ್ತೆ ಅದೇ ದಾರಿ ಹಿಡಿಯುತ್ತವೆ. ಮನೆಯ ಬೀಜ ಮನೆಯಲ್ಲೇ ಬಿತ್ತಿದ ಹಾಗೆ. ಎರಡನೇ ಮಹಾಯುದ್ಧದಲ್ಲಿ ಬರ್ಮಾ–ಥಾಯ್ಲೆಂಡ್ ರೈಲುದಾರಿಯ ಕೆಲಸಕ್ಕೆ ದೂಡಲ್ಪಟ್ಟ ಯುದ್ಧಕೈದಿಗಳಲ್ಲಿ, ಊರಿಗೆ ಮರಳಿ ಮೂವತ್ತು ನಲವತ್ತು ವರ್ಷವಾದ ಮೇಲೂ ಇದೇ ಹುಳು ಸಿಕ್ಕಿದೆ. ನಡುವೆ ಅವರು ಆ ಮಣ್ಣು ತುಳಿದಿರಲಿಲ್ಲ.

ಇಷ್ಟು ವರ್ಷ ಅದು ಸುಮ್ಮನಿರುವುದು ನಮ್ಮ ದೇಹ ಕಾವಲು ಕಾಯುತ್ತಿರುವುದರಿಂದ. ಇಯೊಸಿನೊಫಿಲ್ ಎಂಬ ಬಿಳಿಕಣಗಳು ಆ ಕಾವಲಿನ ಮುಂಚೂಣಿಯಲ್ಲಿರುತ್ತವೆ. ತಿರುಗಿ ಒಳನುಗ್ಗುವ ಮರಿಗಳಲ್ಲಿ ಬಹುಪಾಲನ್ನು ಸಾಯಿಸಿ ಲೆಕ್ಕವನ್ನು ಹದದಲ್ಲಿ ಇಡುತ್ತವೆ. ಸ್ಟೀರಾಯ್ಡ್ ಮೊದಲು ಹೊಡೆಯುವುದು ಈ ಕಾವಲುಗಾರರನ್ನೇ. ಕೆಲವೇ ದಿನಗಳಲ್ಲಿ ರಕ್ತದಲ್ಲಿ ಇಯೊಸಿನೊಫಿಲ್ ಸೊನ್ನೆಗೆ ಇಳಿಯಬಹುದು. ಸ್ಟೀರಾಯ್ಡ್ ಹುಳುವಿನ ಮರಿಗಳಿಗೆ ನೇರವಾಗಿಯೂ ಬೇಗ ಬಲಿಯುವ ಸಂದೇಶ ಕೊಡುತ್ತದೆ ಎಂಬ ವಾದವೂ ಇದೆ, ಅದು ಇನ್ನೂ ಪೂರ್ತಿ ಇತ್ಯರ್ಥವಾಗಿಲ್ಲ. ಒಟ್ಟಿನಲ್ಲಿ ಒಳಗಿನ ಚಕ್ರದ ಬ್ರೇಕು ಕಿತ್ತುಹೋಗುತ್ತದೆ. ನೂರರ ಲೆಕ್ಕದಲ್ಲಿದ್ದ ಮರಿಗಳು ಲಕ್ಷಕ್ಕೇರಿ ಕರುಳು, ಶ್ವಾಸಕೋಶಗಳನ್ನು ತುಂಬುತ್ತವೆ. ವೈದ್ಯರು ಹೈಪರ್‌ಇನ್ಫೆಕ್ಷನ್ ಎನ್ನುವುದು ಇದಕ್ಕೆ.

ಮತ್ತೆ ಆಕೆಯ ವಿಷಯಕ್ಕೆ ಬರುತ್ತೇನೆ. ಎರಡು ವಾರದಲ್ಲಿ ಗುಳ್ಳೆ ಒಣಗಿದವು, ಬಾಯಿಗೆ ಅನ್ನ ಸೇರಿತು. ಮನೆಯವರು ಖುಷಿಯಿಂದ ಕರೆದುಕೊಂಡು ಹೋದರು. ಮೂರನೇ ವಾರ ಹೊಟ್ಟೆನೋವು, ಉಬ್ಬರ, ವಾಂತಿ. ಸ್ಟೀರಾಯ್ಡ್ ತಿಂದರೆ ಹೊಟ್ಟೆ ಉರಿಯುವುದು ಸಹಜ ಎಂದು ಅಸಿಡಿಟಿ ಗುಳಿಗೆ ಕೊಟ್ಟರು. ನಾಲ್ಕನೇ ವಾರ ಒಣಕೆಮ್ಮು, ಎದೆಯಲ್ಲಿ ಸುಂಯ್‌ಗುಟ್ಟುವ ದಮ್ಮು. ಮೊದಲು ಎಂದೂ ದಮ್ಮು ಇರದ ಹೆಂಗಸು. ಊರ ಹತ್ತಿರದ ನರ್ಸಿಂಗ್ ಹೋಮಿನಲ್ಲಿ ನೆಬುಲೈಸರ್ ಹಿಡಿದು, ದಮ್ಮು ಇಳಿಯಲೆಂದು ಮೇಲೆ ಹೈಡ್ರೋಕಾರ್ಟಿಸೋನ್ ಸೂಜಿ ಹಾಕಿದರು. ಎಂದರೆ ಬೆಂಕಿಗೆ ಇನ್ನಷ್ಟು ಎಣ್ಣೆ. ಬಯ್ಯಲು ಇದನ್ನು ಬರೆಯುತ್ತಿಲ್ಲ. ದಮ್ಮಿಗೆ ಸ್ಟೀರಾಯ್ಡ್ ಹಾಕುವುದು ನಾವೆಲ್ಲ ಕಲಿತ ಪಾಠ. ಆದರೆ ಸ್ಟೀರಾಯ್ಡ್ ಮೇಲಿರುವವರಿಗೆ ಹೊಸದಾಗಿ ದಮ್ಮು ಹತ್ತಿ, ಸ್ಟೀರಾಯ್ಡ್ ಏರಿಸಿದಷ್ಟೂ ಅದು ಜಾಸ್ತಿಯಾದರೆ ಅಲ್ಲಿಗೆ ನಿಲ್ಲಬೇಕು. ಶ್ವಾಸಕೋಶದ ಗೋಡೆ ಸೀಳಿಕೊಂಡು ಹುಳು ದಾಟುತ್ತಿರುವ ಸದ್ದು ಅದಾಗಿರಬಹುದು.

ಐದನೇ ವಾರ ಚಳಿಜ್ವರ ಹತ್ತಿ ಮತ್ತೆ ನಗರದ ಆಸ್ಪತ್ರೆಗೆ ಬಂದರು. ರಕ್ತದ ಕಲ್ಚರ್ ನಮ್ಮಲ್ಲಿಗೆ ಬಂದು ಇ. ಕೋಲಿ ಬೆಳೆಯಿತು. ಸರಿಯಾದ ಆಂಟಿಬಯಾಟಿಕ್ ಹೋಯಿತು, ಮೂರು ದಿನ ಜ್ವರ ಇಳಿಯಿತು, ನಾಲ್ಕನೇ ದಿನ ಮತ್ತೆ ಏರಿತು. ಈ ಸಲ ಕ್ಲೆಬ್ಸಿಯೆಲ್ಲಾ. ಮೂತ್ರದಲ್ಲಿ ಸೋಂಕಿಲ್ಲ, ಪಿತ್ತಕೋಶ ಸರಿಯಿದೆ, ಗಾಯಗಳು ಒಣಗಿವೆ. ಕರುಳಿನಲ್ಲಿ ಮಾತ್ರ ಇರಬೇಕಾದ ಬ್ಯಾಕ್ಟೀರಿಯಾ ಒಂದಾದ ಮೇಲೊಂದು ರಕ್ತಕ್ಕೆ ಹೇಗೆ ಬರುತ್ತಿವೆ? ಈಗ ಉತ್ತರ ಗೊತ್ತು. ಕರುಳಿನ ಗೋಡೆ ಕೊರೆದು ಹೊರಟ ಒಂದೊಂದು ಮರಿಯೂ ಮೈಗೆ ಕರುಳಿನ ಹೊಲಸು ಮೆತ್ತಿಕೊಂಡು ಹೊರಟಿರುತ್ತದೆ. ಇವು ಮಿದುಳಿನ ಪೊರೆಗೂ ಬ್ಯಾಕ್ಟೀರಿಯಾ ಒಯ್ಯುತ್ತವೆ. ದೊಡ್ಡವರಲ್ಲಿ ಇ. ಕೋಲಿಯಿಂದ ಮೆದುಳುಜ್ವರ ಬಂದರೆ ಮೊದಲು ಈ ಹುಳುವನ್ನೇ ನೆನೆಯಬೇಕು ಅನ್ನುವುದು ಅದಕ್ಕೆ. ಆ ವಾರ ಆಕೆಯ ಇಯೊಸಿನೊಫಿಲ್ ಸೊನ್ನೆ. "ಈಗ ಜಂತು ಹೋಗಿದೆ ನೋಡಿ" ಎಂದು ಯಾರೋ ಹೇಳಿದರಂತೆ. ನಿಜವಾಗಿ ಅದು ಕಾವಲು ಪೂರ್ತಿ ಬಿದ್ದುಹೋದ ಗುರುತು.

ಹೊಕ್ಕಳ ಸುತ್ತ ನೇರಳೆ ಬಣ್ಣದ ಕಲೆ ಎದ್ದಿದ್ದವು, ಯಾರೋ ಶಾಯಿಗೆ ಹೆಬ್ಬೆರಳು ಅದ್ದಿ ಒತ್ತಿದ ಹಾಗೆ. ಇದು ಪುಸ್ತಕದಲ್ಲಿ ಬರೆದಿಟ್ಟ ಲಕ್ಷಣ. ಹೊಟ್ಟೆಗೆ ಸೂಜಿ ಹಾಕಿದ ಕಲೆ ಇರಬೇಕೆಂದು ಎಲ್ಲರೂ ಬಿಟ್ಟರು.

ಹುಳು ಸಿಕ್ಕಿದ್ದು ಆಕಸ್ಮಿಕವಾಗಿ. ಕಫವನ್ನು ಕಲ್ಚರಿಗೆಂದು ಕಳಿಸಿದ್ದರು. ನಮ್ಮ ಟೆಕ್ನಿಷಿಯನ್ ಹುಡುಗಿ ಗ್ರಾಂ ಸ್ಟೇನ್ ಹಾಕಿದ ಸ್ಲೈಡಿನಲ್ಲಿ ಬಾಗಿದ ಉದ್ದನೆಯ ಎಳೆಯೊಂದನ್ನು ಕಂಡು ಹತ್ತಿಯ ನಾರೆಂದುಕೊಂಡಳು. ಆದರೂ ಸಮಾಧಾನವಾಗದೆ "ಸರ್, ಒಂದ್ಸಲ ಬಂದು ನೋಡ್ರಿ, ಇದಕ್ಕ ತಲಿ ಇದ್ದಂಗ ಐತಿ" ಅಂದಳು. ಡಬ್ಬಿಯ ತಳದಲ್ಲಿ ಉಳಿದಿದ್ದ ಕಫದಲ್ಲಿ ಒಂದು ಹನಿ ತೆಗೆದು, ಬಣ್ಣ ಹಾಕದೆ, ಗಾಜು ಮುಚ್ಚಿ ಹತ್ತರ ಲೆನ್ಸಿನ ಕೆಳಗಿಟ್ಟೆವು. ಆ ಎಳೆ ಹೊರಳಿತು. ಪಕ್ಕದಲ್ಲಿ ಇನ್ನೊಂದು. ಗಾಜು ಸರಿಸಿದಲ್ಲೆಲ್ಲ ಹಾವಿನ ಮರಿಗಳಂತೆ ಹೊರಳಾಟ. ಅರ್ಧ ಮಿಲಿಮೀಟರಿನಷ್ಟು ಉದ್ದ, ಬಾಲದ ತುದಿ ಚಿವುಟಿದ ಹಾಗೆ ಸೀಳಿತ್ತು. ಇಪ್ಪತ್ತೈದು ವರ್ಷ ಸೂಕ್ಷ್ಮದರ್ಶಕದ ಮುಂದೆ ಕೂತ ನಾನು ಕುರ್ಚಿ ಹಿಂದಕ್ಕೆ ಸರಿಸಿ ಎದ್ದು ನಿಂತೆ. ಆಮೇಲೆ ಹಳೆಯ ರಿಜಿಸ್ಟರ್ ತೆಗೆದು ನೋಡಿದೆ. 16 ಎಂಬ ಅಂಕಿ, ಅದರ ಪಕ್ಕ ಬಾಣ, ಕೆಳಗೆ ನನ್ನ ಸಹಿ.

ಅಂದು ಸಂಜೆಯೇ ಈ ಹುಳುವಿನ ಮದ್ದಾದ ಐವರ್ಮೆಕ್ಟಿನ್ ಶುರುವಾಯಿತು. ಕೆಜಿಗೆ 200 ಮೈಕ್ರೋಗ್ರಾಂ ಲೆಕ್ಕದಲ್ಲಿ 50 ಕೆಜಿಗೆ 10 ಮಿಲಿಗ್ರಾಂ, ದಿನಾಲೂ. ಹೈಪರ್‌ಇನ್ಫೆಕ್ಷನ್ ಆದ ಮೇಲೆ ಒಂದೆರಡು ಗುಳಿಗೆಗೆ ಕೆಲಸ ಮುಗಿಯದು. ಮಲ, ಕಫಗಳಲ್ಲಿ ಎರಡು ವಾರ ಮರಿ ಕಾಣದಾಗುವವರೆಗೂ ದಿನವೂ ಕೊಡಬೇಕು. ಆದರೆ ಆ ಹೊತ್ತಿಗಾಗಲೇ ಆಕೆಯ ಕರುಳು ಚಲನೆ ನಿಲ್ಲಿಸಿತ್ತು. ಮೂಗಿನ ನಳಿಕೆಯಿಂದ ಕೊಟ್ಟ ಔಷಧಿ ಅದೇ ನಳಿಕೆಯಲ್ಲಿ ಹಸಿರು ನೀರಿನ ಜೊತೆ ವಾಪಸ್ ಬರುತ್ತಿತ್ತು. ಮನುಷ್ಯರಿಗೆಂದು ಪರವಾನಗಿ ಪಡೆದ ಐವರ್ಮೆಕ್ಟಿನ್ ಸೂಜಿಮದ್ದು ಇಲ್ಲ. ಕುರಿಗೆ, ಎಮ್ಮೆಗೆ ಹಾಕುವ ಸೂಜಿಯನ್ನು ಇಂಥ ಕೊನೆಯ ಘಳಿಗೆಯಲ್ಲಿ ದೊಡ್ಡ ಆಸ್ಪತ್ರೆಗಳು ವಿಶೇಷ ಒಪ್ಪಿಗೆ ಪಡೆದು ಚರ್ಮದಡಿ ಕೊಟ್ಟ ಉದಾಹರಣೆಗಳಿವೆ. ನಮ್ಮ ಊರಿನ ಪ್ರತಿ ಕುರಿಗಾರನ ಚೀಲದಲ್ಲೂ ಇರುವ ಬಾಟಲಿ ಅದು. ಆ ಒಪ್ಪಿಗೆಯ ಕಾಗದಪತ್ರ ಓಡಾಡುತ್ತಿರುವಾಗಲೇ ನಾಲ್ಕನೇ ದಿನ ಆಕೆ ತೀರಿಕೊಂಡರು. (ಇದನ್ನು ಓದಿ ಯಾರೂ ಕುರಿ ಸೂಜಿ ತಾವೇ ಹಾಕಿಕೊಳ್ಳಬೇಡಿ. ಅದರ ಪ್ರಮಾಣವೇ ಬೇರೆ, ಕೋವಿಡ್ ಕಾಲದಲ್ಲಿ ಆ ಹುಚ್ಚು ನೋಡಿದ್ದೇವೆ.)

ಹೈಪರ್‌ಇನ್ಫೆಕ್ಷನ್ ಆಗಿ, ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಿದ ಮೇಲೆ ಚಿಕಿತ್ಸೆ ಕೊಟ್ಟರೂ ಅರ್ಧಕ್ಕಿಂತ ಹೆಚ್ಚು ರೋಗಿಗಳು ಉಳಿಯದ ವರದಿಗಳೇ ಜಾಸ್ತಿ. ಚಿಕಿತ್ಸೆಯಿಲ್ಲದಿದ್ದರೆ ಉಳಿಯುವವರು ಇಲ್ಲವೆಂದೇ ಹೇಳಬೇಕು. ಅದೇ ಹುಳು ಸುಮ್ಮನಿದ್ದಾಗ ಎರಡು ದಿನದ ಗುಳಿಗೆಗೆ ಬಗ್ಗುತ್ತದೆ.

ತಿಥಿ ಮುಗಿದ ಮೇಲೆ ಮಗ ಲ್ಯಾಬಿಗೆ ಬಂದಿದ್ದ. "ಡಾಕ್ಟ್ರೆ, ಅವ್ವ ಹೊಲಕ್ಕ ಹೋಗೋದು ಬಿಟ್ಟು ಎಂಟು ವರ್ಷ ಆತ್ರಿ. ಕಿರಾಣಿ ಅಂಗಡಿ ಹಾಕ್ಕೊಂಡು ಕುಂತಿದ್ಲು. ಆ ಹುಳ ಎಲ್ಲಿಂದ ಬಂತ್ರಿ?" ಕೇಸ್ ಶೀಟಿನಲ್ಲೂ ಉದ್ಯೋಗ ಎಂಬ ಜಾಗದಲ್ಲಿ "ಅಂಗಡಿ" ಎಂದೇ ಇತ್ತು. ಬಿಡಿಸಿ ಕೇಳಿದಾಗ ಹೊರಬಂತು: ಹದಿಮೂರು ಹದಿನಾಲ್ಕು ವರ್ಷದವಳಿದ್ದಾಗಿನಿಂದ ತುಂಗಭದ್ರಾ ಎಡದಂಡೆ ಕಾಲುವೆಯ ಗದ್ದೆಗಳಲ್ಲಿ ನೆಲ್ಲು ಹಚ್ಚುವ ಗುಂಪಿನಲ್ಲಿ ದುಡಿದಾಕೆ. ವರ್ಷಕ್ಕೆ ಎರಡು ಹಂಗಾಮು, ಬೆಳಗಿನಿಂದ ಸಂಜೆಯವರೆಗೆ ಮೊಣಕಾಲು ಮಟ್ಟ ಕೆಸರು, ಬರಿಗಾಲು. ಬಹಿರ್ದೆಸೆಗೆ ಅದೇ ಬದು. ಸಿಂಧನೂರು, ಮಾನ್ವಿ, ಕಾರಟಗಿ, ಗಂಗಾವತಿ, ಸಿರುಗುಪ್ಪ ಕಡೆ ನಾಟಿಗೆ ಹೋದ ಯಾವ ಹೆಣ್ಣಾಳಿನದೂ ಇದೇ ಕಥೆ. ಹಾಗಾಗಿ "ಈಗ ಏನು ಕೆಲಸ ಮಾಡ್ತೀರಿ" ಎಂಬ ಪ್ರಶ್ನೆ ಸಾಲದು. "ಎಂದಾದರೂ ಬರಿಗಾಲಲ್ಲಿ ಕೆಸರಿಗೆ ಇಳಿದಿದ್ದಿರೇನು" ಎಂದು ಕೇಳಬೇಕು. ಬೆಂಗಳೂರಿನಲ್ಲಿ ಕೂತು ಕಿಡ್ನಿ ಕಸಿಗೆ ಸಿದ್ಧ ಮಾಡುವ ವೈದ್ಯರೂ, ಎದುರಿಗಿರುವ ಸೆಕ್ಯುರಿಟಿ ಗಾರ್ಡಿನ ಊರು ಯಾವುದೆಂದು ಕೇಳಬೇಕು.

ಆಮೇಲೆ ಆಕೆಯ ಗಂಡ ಮತ್ತು ಜೊತೆಗೇ ನಾಟಿಗೆ ಹೋಗುತ್ತಿದ್ದ ತಂಗಿಯ ಮಲ ತರಿಸಿ ನೋಡಿದೆವು. ಸ್ಲೈಡಿನ ಮೇಲೆ ಇಬ್ಬರದೂ ಶುದ್ಧ. ಬ್ಯಾಕ್ಟೀರಿಯಾ ಬೆಳೆಸುವ ಅಗರ್ ಪ್ಲೇಟಿನ ಮೇಲೆ ತಂಗಿಯದರಲ್ಲಿ ಹುಳು ಹರಿದ ಜಾಡು. ಎರಡು ಪರೀಕ್ಷೆಗಳ ನಡುವೆ ಎಷ್ಟು ಅಂತರವಿದೆ ಎಂದು ತಿಳಿಯಲು ಇಷ್ಟು ಸಾಕು. ಈ ಹುಳು ದಿನವೂ ಒಂದೇ ಲೆಕ್ಕದಲ್ಲಿ ಮರಿ ಬಿಡುವುದಿಲ್ಲ, ಸುಮ್ಮನಿರುವಾಗ ಬಿಡುವುದೇ ಬೆರಳೆಣಿಕೆಯಷ್ಟು. ಒಂದು ಸಲದ ಸ್ಲೈಡ್ ಪರೀಕ್ಷೆಯಲ್ಲಿ ಅರ್ಧಕ್ಕಿಂತ ಹೆಚ್ಚು ಸೋಂಕು ಕಣ್ತಪ್ಪಿಹೋಗುತ್ತದೆ.

ಅಗರ್ ಪ್ಲೇಟಿಗೆ ದೊಡ್ಡ ಯಂತ್ರ ಬೇಡ. ಯಾವ ಕಲ್ಚರ್ ಲ್ಯಾಬಿನಲ್ಲೂ ಇರುವ ನ್ಯೂಟ್ರಿಯೆಂಟ್ ಅಗರ್ ಸಾಕು. ಹೊಸದಾಗಿ ತಂದ ಮಲ ಸುಮಾರು ಎರಡು ಗ್ರಾಂ, ಪ್ಲೇಟಿನ ನಡುವೆ ಇಟ್ಟು, ಮುಚ್ಚಳದ ಅಂಚಿಗೆ ಸುತ್ತ ಟೇಪ್ ಹಚ್ಚಿ, ಬಿಸಿಲು ತಾಗದ ಕೋಣೆಯಲ್ಲಿ ಎರಡು ಮೂರು ದಿನ ಬಿಡಬೇಕು. ನಮ್ಮ ಏಪ್ರಿಲ್, ಮೇ ಬಿಸಿಲಿಗೆ ಕಿಟಕಿಯ ಪಕ್ಕ ಇಟ್ಟರೆ ಹುಳು ಬೆಂದುಹೋದೀತು. ಮರಿ ಜೀವಂತವಿದ್ದರೆ ಅಗರ್ ಮೇಲೆ ಹರಿದಾಡುತ್ತದೆ. ಹೋದ ದಾರಿಯಲ್ಲೆಲ್ಲ ಬ್ಯಾಕ್ಟೀರಿಯಾ ಚೆಲ್ಲುತ್ತದೆ, ಎರಡನೇ ದಿನಕ್ಕೆ ಆ ಬ್ಯಾಕ್ಟೀರಿಯಾ ಸಾಲಾಗಿ ಬೆಳೆದು, ಮಕ್ಕಳು ಪೆನ್ಸಿಲ್ಲಿನಲ್ಲಿ ಗೀಚಿದಂತೆ ಅಂಕುಡೊಂಕು ಗೆರೆ ಕಾಣುತ್ತದೆ. ಅದರ ತುದಿಯಲ್ಲಿ ಹುಡುಕಿದರೆ ಹುಳು. ಗ್ಲೌಸ್ ಹಾಕದೆ ಮುಟ್ಟಬೇಡಿ, ಅಷ್ಟರಲ್ಲಿ ಅದು ಚರ್ಮ ಕೊರೆಯುವ ವಯಸ್ಸಿಗೆ ಬಂದಿರುತ್ತದೆ. ಕೊಕ್ಕೆಹುಳುವಿನ ಮರಿಯೂ ಗೆರೆ ಬಿಡಬಹುದು, ಹಾಗಾಗಿ ಗೆರೆ ನೋಡಿ ವರದಿ ಬರೆಯದೆ ಹುಳುವನ್ನು ಲೆನ್ಸಿನಡಿ ಇಟ್ಟು ನೋಡಲೇಬೇಕು. ಬಾಯಿಯ ಕೊಳವೆ ಗಿಡ್ಡವಿದ್ದರೆ ಸ್ಟ್ರಾಂಜಿಲಾಯ್ಡಿಸ್, ಉದ್ದವಿದ್ದರೆ ಕೊಕ್ಕೆಹುಳು.

ರಕ್ತದಲ್ಲಿ ಪ್ರತಿಕಾಯ ನೋಡುವ ಎಲಿಸಾ ಪರೀಕ್ಷೆಯೂ ಇದೆ. ಮಲದ ಸ್ಲೈಡಿಗಿಂತ ಬಹಳ ಮೇಲು. ಆದರೆ ಮಾದರಿಯನ್ನು ದೊಡ್ಡ ಊರಿಗೆ ಕಳಿಸಿ ಕಾಯಬೇಕು, ಆನೆಕಾಲು ರೋಗದ ಹುಳು ಇದ್ದರೂ ಅದು ತಪ್ಪಾಗಿ ಪಾಸಿಟಿವ್ ಬರಬಹುದು, ಆಗಲೇ ಸ್ಟೀರಾಯ್ಡ್ ತಿನ್ನುತ್ತಿರುವವರಲ್ಲಿ ತಪ್ಪಾಗಿ ನೆಗೆಟಿವ್ ಬರಬಹುದು.

ಇನ್ನು ಗುಳಿಗೆಯ ವಿಷಯ. ಇಲ್ಲಿ ನನಗೆ ಹೆಚ್ಚು ಅಂಜಿಕೆ. ಫೆಬ್ರವರಿ 10, ಆಗಸ್ಟ್ 10ರ ಜಂತುಹುಳು ನಿವಾರಣಾ ದಿನಕ್ಕೆ ಶಾಲೆ, ಅಂಗನವಾಡಿಗಳಲ್ಲಿ ಕೊಡುವ 400 ಮಿಲಿಗ್ರಾಂ ಅಲ್ಬೆಂಡಜೋಲ್ ಒಳ್ಳೆಯ ಕೆಲಸ. ದುಂಡುಹುಳು, ಕೊಕ್ಕೆಹುಳುವಿಗೆ ಅದು ಸರಿ. ಆ ಒಂದು ಗುಳಿಗೆಯನ್ನು ಸ್ಟ್ರಾಂಜಿಲಾಯ್ಡಿಸ್ ಲೆಕ್ಕಕ್ಕೇ ಇಡುವುದಿಲ್ಲ. ಅದೂ ಅಲ್ಲದೆ ಆ ಗುಳಿಗೆ ಹತ್ತೊಂಬತ್ತು ವರ್ಷದವರೆಗಿನ ಮಕ್ಕಳಿಗೆ, ನಾಟಿಯ ಕೆಸರಿನಲ್ಲಿ ಇರುವವರು ಅವರ ತಾಯಂದಿರು. "ಜಂತಿಗೆ ಗುಳಿಗೆ ಕೊಟ್ಟಾಗಿದೆ" ಎಂಬ ವಾಕ್ಯ ಕೇಸ್ ಶೀಟಿನಲ್ಲಿ ಕಂಡಾಗ ಆದದ್ದು ಅಲ್ಬೆಂಡಜೋಲ್ ಒಂದೇ ಡೋಸಾ ಎಂದು ನೋಡಿ. ಅಲ್ಬೆಂಡಜೋಲನ್ನೇ ದಿನಕ್ಕೆರಡು ಸಲ ಏಳು ದಿನ ಕೊಟ್ಟರೆ ಸ್ವಲ್ಪ ಫಲವಿದೆ, ಆದರೂ ಐವರ್ಮೆಕ್ಟಿನ್ ಸಮಕ್ಕೆ ಬಾರದು. ಐವರ್ಮೆಕ್ಟಿನ್ ನಮಗೆ ಹೊಸದೇನಲ್ಲ. ಪಕ್ಕದ ಯಾದಗಿರಿ ಜಿಲ್ಲೆಯಲ್ಲಿ ಆನೆಕಾಲು ರೋಗದ ಮೂರು ಗುಳಿಗೆಗಳ ಅಭಿಯಾನದಲ್ಲಿ ಮನೆಮನೆಗೆ ಕೊಟ್ಟಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ, ಶಾಲಾ ವಯಸ್ಸಿನ ಮಕ್ಕಳಲ್ಲಿ ಶೇಕಡಾ 5 ಅಥವಾ ಹೆಚ್ಚು ಸ್ಟ್ರಾಂಜಿಲಾಯ್ಡಿಸ್ ಇರುವ ಪ್ರದೇಶಗಳಲ್ಲಿ ಐದು ವರ್ಷ ಮೇಲ್ಪಟ್ಟವರಿಗೆ ವರ್ಷಕ್ಕೊಮ್ಮೆ ಇದನ್ನು ಕೊಡಬಹುದೆಂದು ಮಾರ್ಗಸೂಚಿ ಹೊರಡಿಸಿದೆ.

ನಾನು ಕೇಳುತ್ತಿರುವುದು ಅಷ್ಟು ದೊಡ್ಡದಲ್ಲ. ಪ್ರೆಡ್ನಿಸೋಲೋನ್ ದಿನಕ್ಕೆ 20 ಮಿಲಿಗ್ರಾಂ ಅಥವಾ ಮೇಲ್ಪಟ್ಟು, ಎರಡು ವಾರ ಅಥವಾ ಹೆಚ್ಚು ಬೇಕಾಗುವ ಪ್ರತಿಯೊಬ್ಬರಿಗೂ, ಹಾಗೆಯೇ ಕ್ಯಾನ್ಸರ್ ಕೀಮೋ, ಅಂಗಾಂಗ ಕಸಿ ಮುಂದಿರುವವರಿಗೆ, ಮೊದಲ ಗುಳಿಗೆಗೆ ಮುನ್ನ ಕೆಸರಿನ ಪ್ರಶ್ನೆ ಕೇಳಿ. ಇಯೊಸಿನೊಫಿಲ್ ಸಂಖ್ಯೆ ನೋಡಿ, ಶೇಕಡಾವಾರು ಅಲ್ಲ, ನಿಜವಾದ ಲೆಕ್ಕ. ಸಮಯವಿದ್ದರೆ ಮೂರು ದಿನ ಮಲ ತರಿಸಿ ಪ್ಲೇಟ್ ಹಾಕಿಸಿ. ಪೆಂಫಿಗಸ್, ಕುಷ್ಠರೋಗದ ರಿಯಾಕ್ಷನ್, ಲೂಪಸ್‌ನಂಥ ಕಾಯಿಲೆ ಕಾಯಲು ಬಿಡುವುದಿಲ್ಲ ಎಂದಾದರೆ ಕಾಯಬೇಡಿ. ಕೆಸರಿನ ಇತಿಹಾಸವಿದ್ದವರಿಗೆ ಪರೀಕ್ಷೆಯ ಫಲಿತಾಂಶವಿಲ್ಲದೆಯೇ ಐವರ್ಮೆಕ್ಟಿನ್ ಕೊಟ್ಟು ಸ್ಟೀರಾಯ್ಡ್ ಶುರು ಮಾಡಿ. ಎರಡು ದಿನ ಒಂದೊಂದು ಡೋಸ್, ಎರಡು ವಾರ ಬಿಟ್ಟು ಮತ್ತೆ ಎರಡು ದಿನ, ಏಕೆಂದರೆ ಮೊದಲ ಸಲ ಮೈಯೊಳಗೆ ಅಲೆಯುತ್ತಿದ್ದ ಮರಿಗಳು ತಪ್ಪಿಸಿಕೊಂಡಿರಬಹುದು. ಗರ್ಭಿಣಿಯರಿಗೂ 15 ಕೆಜಿಗಿಂತ ಕಡಿಮೆ ತೂಕದ ಮಕ್ಕಳಿಗೂ ಹೀಗೆ ಕಣ್ಣುಮುಚ್ಚಿ ಕೊಡುವ ಹಾಗಿಲ್ಲ. ಇಯೊಸಿನೊಫಿಲ್ ಸರಿಯಿದೆ ಎಂದು ಸೋಂಕಿಲ್ಲ ಎಂದುಕೊಳ್ಳುವ ಹಾಗೂ ಇಲ್ಲ. ಏರಿದ್ದರೆ ಅನುಮಾನ ಪಡಿ, ಏರದಿದ್ದರೆ ಇತಿಹಾಸವನ್ನು ನಂಬಿ.

ಆರೋಗ್ಯಾಧಿಕಾರಿಗಳಲ್ಲಿ ವಿನಂತಿಯೆಂದರೆ, ಸ್ಟೀರಾಯ್ಡ್ ವಿತರಿಸುವ ಪ್ರತಿ ತಾಲ್ಲೂಕು ಆಸ್ಪತ್ರೆಯ ಔಷಧಾಲಯದಲ್ಲಿ ಐವರ್ಮೆಕ್ಟಿನ್ ಇರುವಂತೆ ನೋಡಿಕೊಳ್ಳಿ. ನಮ್ಮ ಕುಷ್ಠರೋಗ ಕಾರ್ಯಕ್ರಮದಲ್ಲಿ ರಿಯಾಕ್ಷನ್ ಆದವರಿಗೆ ವಾರಗಟ್ಟಲೆ ಪ್ರೆಡ್ನಿಸೋಲೋನ್ ಹೋಗುತ್ತದೆ. ಆ ಕಾರ್ಡಿನಲ್ಲಿ ಕೆಸರಿನ ಪ್ರಶ್ನೆಗೆ ಒಂದು ಸಾಲು ಜಾಗ ಮಾಡಿಸಿ.

ಇಷ್ಟು ಮಾಡಿದರೂ ತೂತು ಇನ್ನೊಂದು ಕಡೆ ಇದೆ. ಬೆನ್ನುನೋವು, ಮೊಣಕಾಲು ನೋವಿಗೆ ಹಳ್ಳಿಯಲ್ಲಿ "ಸೂಜಿ ಮಾಡಿಸ್ಕೊಂಡ್ರ ಹಗುರ ಆಗ್ತದ" ಎಂದು ಹೋಗುವವರಿಗೆ ಸಿಗುವುದು ಬಹಳ ಸಲ ಡೆಕ್ಸಾಮೆಥಾಸೋನ್. 2 ಮಿಲಿಲೀಟರಿನ ಒಂದು ಬಾಟಲಿಯಲ್ಲಿ 8 ಮಿಲಿಗ್ರಾಂ ಇರುತ್ತದೆ, ಅದು ಸುಮಾರು 50 ಮಿಲಿಗ್ರಾಂ ಪ್ರೆಡ್ನಿಸೋಲೋನ್‌ಗೆ ಸಮ. ಸಂಧಿವಾತಕ್ಕೆಂದು ಪೊಟ್ಟಣ ಕಟ್ಟಿ ಮಾರುವ ಪುಡಿಯಲ್ಲಿ ಏನಿದೆ ಎಂದು ಮಾರುವವನಿಗೂ ಗೊತ್ತಿರುವುದಿಲ್ಲ. ಇವರಿಗೆ ಕೆಸರಿನ ಪ್ರಶ್ನೆ ಯಾರೂ ಕೇಳುವುದಿಲ್ಲ. ಔಷಧ ನಿಯಂತ್ರಣದವರು ಆ ಕಡೆಗೂ ಕಣ್ಣು ಹಾಯಿಸಲಿ. ಇದನ್ನು ಓದುತ್ತಿರುವ ರೋಗಿಗಳಿಗೆ ಒಂದು ಮಾತು: ಹೆದರಿ ನಿಮ್ಮ ಸ್ಟೀರಾಯ್ಡ್ ಗುಳಿಗೆಯನ್ನು ಒಮ್ಮೆಲೇ ನಿಲ್ಲಿಸಬೇಡಿ. ಬಹಳ ದಿನ ತಿಂದು ಥಟ್ಟನೆ ಬಿಟ್ಟರೆ ಬಿಪಿ ಕುಸಿದು ಜೀವಕ್ಕೆ ಕುತ್ತು ಬರುತ್ತದೆ. ನಿಮ್ಮ ವೈದ್ಯರ ಹತ್ತಿರ ಹೋಗಿ, ನಾನು ಇಂತಿಷ್ಟು ವರ್ಷ ನೆಲ್ಲು ಹಚ್ಚಿದ್ದೆ ಎಂದು ನೀವೇ ಹೇಳಿ.

ನಮ್ಮ ಲ್ಯಾಬಿನಲ್ಲಿ ಈಗ ಇಯೊಸಿನೊಫಿಲ್ ಸಾವಿರ ದಾಟಿದ ಪ್ರತಿ ವರದಿಯ ಕೆಳಗೆ ಕೈಯಲ್ಲೇ ಎರಡು ಸಾಲು ಬರೆಯುತ್ತೇವೆ: "ಸ್ಟೀರಾಯ್ಡ್ ಕೊಡುವ ಯೋಚನೆ ಇದ್ದರೆ ಮೊದಲು ಸ್ಟ್ರಾಂಜಿಲಾಯ್ಡಿಸ್ ನೋಡಿ. ಮಲದ ಪ್ಲೇಟ್ ಹಾಕಿಕೊಡುತ್ತೇವೆ." ಕೆಲವು ವೈದ್ಯರು ಫೋನ್ ಮಾಡಿ, ಲ್ಯಾಬಿನವರು ನಮಗೆ ವೈದ್ಯಕೀಯ ಹೇಳಿಕೊಡುತ್ತೀರಾ ಎಂದು ಗದರಿದ್ದಾರೆ. ಕೆಲವರು ಮಲ ಕಳಿಸಿದ್ದಾರೆ. ತಾಲ್ಲೂಕು ಆಸ್ಪತ್ರೆಗಳ ಟೆಕ್ನಿಷಿಯನ್‌ಗಳು ಯಾರೇ ಬಂದರೂ ಪ್ಲೇಟ್ ಹಾಕುವುದು, ಜಾಡು ಗುರುತಿಸುವುದನ್ನು ಒಂದು ಮಧ್ಯಾಹ್ನದಲ್ಲಿ ಕಲಿಸಿಕೊಡುತ್ತೇನೆ. ಬರುವಾಗ ಮಲದ ಡಬ್ಬಿ ತಂದರೆ ಆ ದಿನ ಬೆಳಗಿನದೇ ಇರಲಿ. ಕೆಡಬಾರದೆಂದು ಫ್ರಿಜ್ಜಿನಲ್ಲಿಟ್ಟು ತರಬೇಡಿ, ತಂಪಿಗೆ ಹುಳು ಸತ್ತು ಪ್ಲೇಟ್ ಖಾಲಿ ಉಳಿಯುತ್ತದೆ.

ಇಂತಿ,
ರಾಯಚೂರು ಜಿಲ್ಲೆಯ ಒಬ್ಬ ಲ್ಯಾಬ್ ವೈದ್ಯ